ಕಣ್ಣಿಗೊತ್ತಿಕೊಂಡ ಪಾವತಿ

ಭಾಗ್ಯಮ್ಮ ಮಾಡಿದ ತಪ್ಪು ಇಷ್ಟೇ. ದೇವರನ್ನು ನಂಬಿದಷ್ಟು ಪೋರ್ಟಲ್ಲನ್ನು ನಂಬಲಿಲ್ಲ.

ಕೆ.ಆರ್. ನಗರದಲ್ಲಿ ಹೊಲಿಗೆ ಅಂಗಡಿ ಕಟ್ಟಲು ಗೋವಿಂದಯ್ಯನ ಸೈಟು ಕೊಳ್ಳುತ್ತಿದ್ದರು. ಕ್ರಯಪತ್ರ ಬರೆಯುವ ಚೇತನ್‌ಕುಮಾರನ ಅಂಗಡಿಯಲ್ಲಿ ಕೂತು ನೋಂದಣಿ ಶುಲ್ಕ ಕಟ್ಟಿದರು. ಬ್ಯಾಂಕಿನ ಪುಟದಲ್ಲಿ ಹಸಿರು ಟಿಕ್ ಮೂಡಿದ್ದೇ ತಡ, ಫೋನನ್ನು ಗೋಡೆಯ ಚಾಮುಂಡಿ ಪಟಕ್ಕೆ ಮುಟ್ಟಿಸಿ ಎರಡೂ ಕಣ್ಣಿಗೆ ಒತ್ತಿಕೊಂಡರು. ‘ಪುಟ ಮುಚ್ಚಬೇಡಿ’ ಎಂದು ಪರದೆ ಅಂಗಲಾಚುತ್ತಲೇ ಇತ್ತು. ಬೆರಳು ಎಲ್ಲಿ ತಗುಲಿತೋ, ಪುಟ ಮುಚ್ಚಿಹೋಯಿತು.

ಖಾತೆಯಿಂದ ಹಣ ಹೋಗಿತ್ತು. ನೋಂದಣಿ ಇಲಾಖೆಯ ಪೋರ್ಟಲ್ಲಿನಲ್ಲಿ ಚಲನ್ ‘ಪೆಂಡಿಂಗ್’. ಹಣ ಬಿಟ್ಟ ಬ್ಯಾಂಕಿಗೆ ಬಿಟ್ಟ ನೆನಪಿದೆ, ಮುಟ್ಟಬೇಕಾದ ಖಜಾನೆಗೆ ಮುಟ್ಟಿದ ನೆನಪಿಲ್ಲ.

“ಇನ್ನೊಂದ್ಸಲ ಕಟ್ಟುಬುಡ್ಲಾ?”

“ಬ್ಯಾಡಿ ಕಣಕ್ಕ! ಎರಡೂ ಹೋದ್ರೆ ಒಂದನ್ನ ವಾಪಸ್ ತರಕ್ಕೆ ಅರ್ಜಿ ಹಿಡ್ಕೊಂಡು ಅಲೀಬೇಕು. ಬ್ಯಾಂಕು, ಖಜಾನೆ ಲೆಕ್ಕ ತಾಳೆ ಆಯ್ತಿದ್ದಂಗೆ ಅದೇ ಸರಿಹೋಯ್ತದೆ,” ಎಂದ ಚೇತನ್‌ಕುಮಾರ.

“ಯಾವಾಗ?”

“ಇವತ್ತೇ ಆಗ್ಬೋದು, ಎರಡ್ ಮೂರ್ ದಿನಾನೂ ಆಗ್ಬೋದು. ಅಲ್ಲೀವರ್ಗೂ ರಿಜಿಸ್ಟ್ರಿಗೆ ಸ್ಲಾಟ್ ಸಿಗಾಕಿಲ್ಲ.”

ಸ್ಲಾಟ್ ನಾಳೆಗೇ ಬೇಕಿತ್ತು. ಗೋವಿಂದಯ್ಯನ ಅಕ್ಕ ರಾಚಮ್ಮನಿಗೂ ಆ ಸೈಟಿನಲ್ಲಿ ಪಾಲು. ತನ್ನ ಹೆಣ್ಣುಮಕ್ಕಳು ಬೇಡವೆಂದರೂ ಕೇಳದೆ, ಹೆಬ್ಬೆಟ್ಟು ಒತ್ತಲೆಂದೇ ನಾಳೆವರೆಗೆ ಇರುವಂತೆ ಹನಗೋಡಿನಿಂದ ಬಂದಿದ್ದಳು. ಅಂಗಡಿಯ ಬೆಂಚಿನ ಮೇಲೆ ಕೂತು ಎಲೆಅಡಿಕೆ ಅಗಿಯುತ್ತಿದ್ದಳು.

ಅವಳ ಜೊತೆ ಬಂದಿದ್ದ ಗೋವಿಂದಯ್ಯನ ಮಗ ಧರ್ಮೇಂದ್ರನಿಗೆ ಹೆಚ್ಚು ಕೊಡುವ ಬೇರೆ ಪಾರ್ಟಿ ಸಿಕ್ಕಿತ್ತು.

“ಮೆಸೇಜು ಯಾರ್ ಬೇಕಾರೂ ತೋರುಸ್ತಾರೆ,” ಎಂದ. “ಸರ್ಕಾರಕ್ಕೇ ಸೇರಿಲ್ವಂತೆ. ನಡಿ ಅತ್ತೆ, ಬಸ್ ಹತ್ತುಸ್ತೀನಿ.”

“ನಾನು ಮೋಸಗಾತೀನೇನೋ?” ಭಾಗ್ಯಮ್ಮ ರಾಚಮ್ಮನ ಕಡೆ ತಿರುಗಿದರು. “ರಾಚಕ್ಕ, ಇವತ್ತೊಂದಿನ ನಮ್ಮನೇಲಿ ಇರಿ.”

“ತಗಳೋರ ಮನೇಲಿ ಉಂಡು ಹೆಬ್ಬೆಟ್ಟು ಒತ್ತುದ್ಳು ಅಂತ ನನ್ ಮಕ್ಳೇ ಆಡ್ಕತಾರೆ ಕಣವ್ವ,” ಎಂದು ರಾಚಮ್ಮ ಎದ್ದಳು.

ಅವಳು ಹೋಗಿ ಅರ್ಧ ಗಂಟೆಯಾಗಿರಬೇಕು, ಚೇತನ್‌ಕುಮಾರ ಕಿರುಚಿದ: “ಅಕ್ಕ, ಸಕ್ಸಸ್!” ನಾಳೆಯ ಸ್ಲಾಟುಗಳು ಆಗಲೇ ಮುಗಿದಿದ್ದವು. ಸಿಕ್ಕಿದ್ದು ನಾಡಿದ್ದಿನದು.

ಭಾಗ್ಯಮ್ಮ ಬಸ್‌ಸ್ಟ್ಯಾಂಡಿಗೆ ಓಡಿದರು. ಹುಣಸೂರು ಬಸ್ಸು ಹೊರಡುತ್ತಿತ್ತು, ಕಿಟಕಿಯ ಪಕ್ಕ ರಾಚಮ್ಮ.

“ಸೇರ್ತು ರಾಚಕ್ಕ! ನಾಡಿದ್ದು ಬನ್ನಿ, ಕಾರು ಕಳುಸ್ತೀನಿ!” ಎಂದು ಫೋನನ್ನು ಕಿಟಕಿಗೆ ಎತ್ತಿ ಹಿಡಿದರು.

ರಾಚಮ್ಮ ಫೋನು ನೋಡಲಿಲ್ಲ, ಭಾಗ್ಯಮ್ಮನ ಮುಖ ನೋಡಿದಳು.

“ನಿನ್ ಮ್ಯಾಲೆ ಅನುಮಾನ ಇಲ್ಲ ಕಣವ್ವ. ಆದ್ರೆ ಒಂದ್ಸಲ ಮನೆಗೋದ್ಮೇಲೆ, ಮಕ್ಳು ಬುಡ್ಬೇಕಲ್ಲ?”

ಕಂಡಕ್ಟರ್ ಸೀಟಿ ಊದಿದ. ಭಾಗ್ಯಮ್ಮ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದು, “ಬತ್ತೀನಿ ಅಂತ ಒಂದ್ ಮಾತು ಹೇಳ್ರವ್ವ!” ಎಂದು ಕೂಗಿದರು. ರಾಚಮ್ಮ ಏನೋ ಅಂದಳು. ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ.