ಹಿಂದಿನ ಗಾಲಿಯ ಬ್ರೇಕು

ಆ ಬೆಳಿಗ್ಗೆ ಹಾಲಿನವಳು ಎಂದಿನ ಹೊತ್ತಿಗೆ ಬಂದಳು. ಮಣ್ಣು ಕೊಟ್ಟು ಬಂದ ಮೇಲೆ ಮನೆ ತುಂಬ ಇದ್ದ ಜನ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಅತ್ತೆ ಸಂಗವ್ವ ಒಲೆ ಹೊತ್ತಿಸಿದರು. ನಾನು ಅಂಗಳ ಗುಡಿಸಿದೆ.

"ಏನೂ ಗೊತ್ತಾಗದ್ಹಂಗ ಹೋದಾ ನನ ಮಗಾ," ಎಂದರು ಅತ್ತೆ ಒಲೆಯತ್ತ ನೋಡುತ್ತ. "ಪುಣ್ಯವಂತ. ನರಳಲಿಲ್ಲ, ಅಂಜಲಿಲ್ಲ."

ಬಂದವರೆಲ್ಲ ಇದನ್ನೇ ಹೇಳಿ ಹೋಗಿದ್ದರು. ಕಾಲೇಜಿನಲ್ಲಿ ಗಣಿತ ಕಲಿಸುತ್ತ ನನ್ನ ಗಂಡ ಕರಿಹಲಗೆಯ ಮುಂದೆಯೇ ಕುಸಿದರು. ಮತ್ತೆ ಕಣ್ಣು ತೆರೆಯಲಿಲ್ಲ. ತಲೆಯಲ್ಲಿ ಗಡ್ಡೆ ಬೆಳೆದಿತ್ತೆಂದು ಡಾಕ್ಟರರು ಆಮೇಲೆ ಹೇಳಿದರು. ನಮ್ಮವರಿಗೆ ಅದು ತಿಳಿದಿರಲಿಲ್ಲ ಎಂಬುದೊಂದೇ ನನಗೆ ಉಳಿದಿದ್ದ ಸಮಾಧಾನ. ರಾತ್ರಿ ಅದನ್ನು ನೆನೆದುಕೊಂಡೇ ಕಣ್ಣು ಮುಚ್ಚಿದ್ದೆ.

ಒಗೆಯಲೆಂದು ಅವರ ಕೋಟನ್ನು ಗೂಟದಿಂದ ಇಳಿಸಿದಾಗ ಕಿಸೆ ಭಾರವಾಗಿತ್ತು. ಒಳಗೆ ಒಂದು ಸಣ್ಣ ಪಾನಾ ಇತ್ತು, ನಟ್ಟು ತಿರುಗಿಸುವಂಥದು. ಹಿಡಿಗೆ ಕೆಂಪು ಬಣ್ಣ ಬಳಿದಿತ್ತು. ನಮ್ಮ ಮನೆಯ ವಸ್ತುವಲ್ಲ. ಅಡಿಗೆಮನೆಯ ಗೋಡೆಯ ಮಾಡದಲ್ಲಿಟ್ಟು ಕೋಟು ನೆನೆಹಾಕಿದೆ.

ಮರುದಿನ ಅಮ್ಮಿನಬಾವಿಯಿಂದ ಭಾವ ಮಹಾದೇವಪ್ಪನವರು ಸ್ಕೂಟರು ಒಯ್ಯಲು ಬರುವವರಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ ಮುಂಬಯಿಗೆ ಅರಳೆ ಮಾರಲು ಹೋದಾಗ ತಮ್ಮನಿಗೆಂದು ಅವರೇ ತಂದದ್ದು, ಇಟಲಿಯ ಮಾಲು. ಧೂಳು ಒರೆಸಿ ಬಾಗಿಲ ಹತ್ತಿರ ತಂದಿಡೋಣವೆಂದು ನೂಕಿದೆ. ಸ್ಕೂಟರು ಕದಲಲಿಲ್ಲ. ಗೇರು ಬಿಡಿಸಿ ಮತ್ತೆ ನೂಕಿದೆ. ಹಿಂದಿನ ಗಾಲಿ ಕೀ ಎಂದಿತು.

ಆ ಸಪ್ಪಳ ಕೇಳಿ ಅತ್ತೆ ಒಳಗಿನಿಂದ ಎದ್ದು ಬಂದರು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ತಿರುಗಿ ಒಳಗೆ ಹೋದರು.

ಕೆಲವು ತಿಂಗಳಿಂದ ದಿನವೂ ಅವರು ಮನೆಗೆ ಬರುವಾಗ ಓಣಿಯ ತಿರುವಿನಲ್ಲಿ ಆ ಕೀ ಸಪ್ಪಳ ಕೇಳುತ್ತಿತ್ತು. ಕೇಳಿದಕೂಡಲೇ ನಾನು ಚಹಾಕ್ಕೆ ನೀರು ಇಡುತ್ತಿದ್ದೆ.

ಗಾಡಿ ದುರಸ್ತಿ ಮಾಡುವ ಗುಲಾಬಸಾಬರ ಅಂಗಡಿ ಸಪ್ತಾಪುರದ ಇಳಿಜಾರಿನ ಕೆಳಗೆ, ಅವರು ಕಾಲೇಜಿಗೆ ಹೋಗಿಬರುತ್ತಿದ್ದ ದಾರಿಯಲ್ಲಿ. ಯುದ್ಧದ ಕಾಲದಲ್ಲಿ ಮಿಲಿಟರಿ ಮೋಟರ್‌ಸೈಕಲ್ ದುರಸ್ತಿ ಮಾಡಿದವರು. ಹೇಳಿಕಳಿಸಿದ್ದಕ್ಕೆ ಚೀಲ ಹೊತ್ತು ತಾವೇ ಬಂದರು. ಅಂಗಳದಲ್ಲಿ ಸ್ಕೂಟರಿನ ಹಿಂಭಾಗ ಎತ್ತಿ ಕಲ್ಲಿನ ಮೇಲೆ ಕೂಡಿಸಿ, ಗಾಲಿಯನ್ನು ಕೈಯಿಂದ ತಿರುಗಿಸಿದರು. ಅದು ಅರ್ಧ ಸುತ್ತೂ ತಿರುಗಲಿಲ್ಲ.

"ಬ್ರೇಕ್ ಹಿಡಕೊಂಡೈತ್ರಿ ಅಕ್ಕಾರ."

ಬ್ರೇಕಿನ ತಂತಿ ಸಡಿಲಿಸಿ ಮತ್ತೆ ತಿರುಗಿಸಿದರು. ಈಗಲೂ ಉಜ್ಜುತ್ತಲೇ ಇತ್ತು.

"ತಂತಿ ಬಿಟ್ಟರೂ ಶೂ ಹಿಂದ ಸರೀವಲ್ವು. ಬಿಚ್ಚಬೇಕ್ರಿ."

ಡ್ರಮ್ಮು ಕಳಚಿದಾಗ ಕರಿ ಹುಡಿ ಸುರಿಯಿತು. ಒಳಗೆ ಕಮಾನಿನಂಥ ಎರಡು ಶೂ, ಬ್ರೇಕು ಒತ್ತಿದಾಗ ಡ್ರಮ್ಮಿಗೆ ಒತ್ತಿಕೊಂಡು ಗಾಲಿ ನಿಲ್ಲಿಸುವ ಪಟ್ಟಿಗಳು. ಅವುಗಳ ಮೈ ಒರಟಾಗಿರಬೇಕು. ಇವು ಕಡೆದ ಕರಿಕಲ್ಲಿನ ಹಾಗೆ ಹೊಳೆಯುತ್ತಿದ್ದವು. ಶೂಗಳನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗನ್ನು ಗುಲಾಬಸಾಬರು ಬೆರಳಿಗೆ ಸಿಕ್ಕಿಸಿ ಎಳೆದರು. ಎಳೆದಷ್ಟು ಉದ್ದವಾಯಿತು, ಪೂರ್ತಿ ಹಿಂದೆ ಬರಲಿಲ್ಲ.

"ಇಟಲಿ ಮಾಲು ಇಷ್ಟರೀ. ಸ್ಪ್ರಿಂಗ್ ಸತ್ತೈತಿ."

"ತಾನಾಗೇ ಸತ್ತದ?"

"ಕಾದು ಕಾದು ಹೋಗ್ತಾವ್ರಿ."

"ಕಾಯೋದು ಯಾಕ?"

"ಶೂ ಯಾವಾಗಲೂ ಡ್ರಮ್ಮಿಗೆ ಹತ್ತಿಕೊಂಡಿದ್ರ ಕಾಯ್ತಾವ. ಕಾದ್ರ ಶೂ ನುಣ್ಣಗ ಆಗ್ತಾವ, ಕೀ ಅಂತಾವ, ಬ್ರೇಕ್ ಹಿಡಿಯಂಗಿಲ್ಲ."

ಅವರು ತಲೆ ಎತ್ತದೆ ಶೂ ಉಜ್ಜತೊಡಗಿದರು. ನಾನು ತಂತಿಯ ತುದಿಯನ್ನು ನೋಡುತ್ತಿದ್ದೆ. ತಂತಿ ಬಿಗಿ ಮಾಡುವ ತಿರುಪನ್ನು ಹೊರಗೆ ತಿರುವಿದ್ದು ಎಷ್ಟೆಂದರೆ ಇನ್ನು ಎರಡು ಸುತ್ತು ತಿರುವಿದ್ದರೆ ಕಳಚಿ ಬೀಳುತ್ತಿತ್ತು. ಅದರ ನಟ್ಟಿನ ಮೂಲೆಗಳು ಸವೆದು ದುಂಡಗಾಗಿದ್ದವು. ಒಂದು ಸಲ ಬಿಗಿದದ್ದಲ್ಲ.

"ಶೂ ಸವೆದಿಲ್ಲ. ದಪ್ಪನೇ ಅವ," ಎಂದೆ. "ಮತ್ತ ತಂತಿ ಇಷ್ಟು ಬಿಗಿದವರು ಯಾರು?"

"ಯಾರರೆ ಇರ್ಲಿ ಬಿಡ್ರಿ. ಸರಿ ಮಾಡ್ತೇನಲ್ಲ."

ಒಳಗೆ ಹೋಗಿ ಮಾಡದಿಂದ ಪಾನಾ ತಂದು ಅವರ ಮುಂದೆ ಕಟ್ಟೆಯ ಮೇಲೆ ಇಟ್ಟೆ. ಅವರ ಚೀಲದಲ್ಲಿದ್ದ ಪಾನಾಗಳಿಗೂ ಅದೇ ಕೆಂಪು ಬಣ್ಣವಿತ್ತು.

ಗುಲಾಬಸಾಬರ ಕೈ ನಿಂತಿತು.

"ಮಾಸ್ತರು ಎರವು ಕೇಳಿದ್ರು," ಎಂದರು. "ನಾ ಸಡಿಲ ಮಾಡಿ ಕಳಿಸ್ತಿದ್ನಿ. ಮರುದಿನ ತಾವs ಬಿಗಿ ಮಾಡ್ಕೊಂಡಿರ್ತಿದ್ರು. ಮಾಸ್ತರ, ಎಮ್ಮಿಗೆ ಹಗ್ಗ ಬಿಗಿದ್ಹಂಗ ಬಿಗೀಬ್ಯಾಡ್ರಿ ಅಂತಿದ್ನಿ. ನಗತಿದ್ರು. ಕಾಲು ಇಟ್ಟರ ಸಾಕು, ಹಿಡೀಬೇಕು ಅಂತಿದ್ರು."

"ಯಾಕ?"

"ಬಲಗಾಲಾಗ ಶಕ್ತಿ ಇಲ್ಲಾಗಿತ್ತ್ರಿ ಅಕ್ಕಾರ. ಪೆಡಲು ಒತ್ತಾಕ ಆಗ್ತಿರಲಿಲ್ಲ. ಬಿಗಿ ಮಾಡಿದಷ್ಟು ಶೂ ಕಾಯೋವು, ಕಾದಷ್ಟು ಬ್ರೇಕ್ ಹಿಡೀತಿರಲಿಲ್ಲ. ಮತ್ತ ಬಿಗಿ ಮಾಡೋರು."

ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ನಾನು ದನಿ ತಗ್ಗಿಸಿದೆ.

"ತಲಿಯೊಳಗಿನ ಗಡ್ಡಿ ಅವರಿಗೆ ಗೊತ್ತಿತ್ತೇನ್ರಿ?"

"ಮಿರಜಿನ ದವಾಖಾನಿಗೆ ಹೋಗಿ ತೋರಿಸಿದ್ರು. ಅಲ್ಲಿಂದ ಬಂದ ದಿನ ನನ್ನ ಅಂಗಡ್ಯಾಗ ಭಾಳ ಹೊತ್ತು ಕುಂತಿದ್ರು. ಮನ್ಯಾಗ ಹೇಳ್ರಿ ಅಂದ್ನಿ. ಬ್ಯಾಡ್ರಿ ಸಾಬರ, ಹೇಳಿದ್ರ ಆಕಿ ನನ್ನ ಕಾಲು ನೋಡಾಕ ಶುರು ಮಾಡ್ತಾಳ, ಮಾರಿ ನೋಡೋದು ಬಿಡ್ತಾಳ ಅಂದ್ರು."

ಮಿರಜಿಗೆ ಹೋದದ್ದು ಪರೀಕ್ಷೆಯ ಕೆಲಸಕ್ಕೆ ಎಂದು ನನಗೆ ಹೇಳಿದ್ದರು. ಬರುವಾಗ ಬಾಳೆಹಣ್ಣು ತಂದಿದ್ದರು.

ಅವರ ಬಲಗಾಲಿನ ಚಪ್ಪಲಿಯ ತುದಿ ಸವೆದಿತ್ತು. ಸಂಜೆ ವಾಕಿಂಗಿಗೆ ಹೋದಾಗ ಅವರು ನಿಧಾನ ನಡೆಯುತ್ತಿದ್ದರು. ನನಗಾಗಿ ಎಂದು ನಾನು ತಿಳಿದಿದ್ದೆ.

ಗುಲಾಬಸಾಬರು ಕೆಲಸ ಮುಂದುವರಿಸಿದರು. ಉಸುಕಿನ ಕಾಗದದಿಂದ ಶೂಗಳ ಹೊಳಪು ಹೋಗುವವರೆಗೆ ಉಜ್ಜಿದರು. ತುದಿಗಳನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಿದರು. ಡ್ರಮ್ಮಿನ ಒಳಗೆ ಪೆಟ್ರೋಲಿನಿಂದ ಒರೆಸಿದರು. ಹಳೆಯ ಮಿಲಿಟರಿ ಗಾಡಿಯ ಒಂದು ಸ್ಪ್ರಿಂಗನ್ನು ಅಳತೆಗೆ ಕತ್ತರಿಸಿ, ತುದಿ ಬಗ್ಗಿಸಿ ಕೊಕ್ಕೆ ಮಾಡಿ ಸಿಕ್ಕಿಸಿದರು. ಡ್ರಮ್ಮು ಕೂಡಿಸಿ ತಿರುಪನ್ನು ಒಳಗೆ ತಿರುವುತ್ತ ಬಂದರು. ಗಾಲಿಗೆ ಕೈ ಹಚ್ಚಿದಾಗ ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು.

"ಪೆಡಲು ಒತ್ತಿ ನೋಡ್ರಿ ಅಕ್ಕಾರ, ನಾ ಗಾಲಿ ತಿರುಗಸ್ತೇನಿ."

ಸೀರೆ ಹಿಡಿದು ಬಲಗಾಲು ಇಟ್ಟೆ. ಮೊದಲು ಸಡಿಲವಾಗಿ ಇಳಿಯಿತು. ಆಮೇಲೆ ಹೊಸ ಸ್ಪ್ರಿಂಗು ತಡೆಯಿತು. ಇನ್ನೂ ಒತ್ತಬೇಕಾಯಿತು, ಮೈಭಾರ ಬಿಟ್ಟು ಒತ್ತಿದೆ. ಗಾಲಿ ನಿಂತಿತು. ಕೀ ಎನ್ನಲಿಲ್ಲ.

ಇಷ್ಟು. ಇಷ್ಟು ಒತ್ತಲು ಅವರಿಂದ ಆಗುತ್ತಿರಲಿಲ್ಲ. ದಿನವೂ ಸಪ್ತಾಪುರದ ಆ ಇಳಿಜಾರನ್ನು ಇಳಿಯುತ್ತಿದ್ದರು. ಒಬ್ಬರೇ ಅಂಜಿದ್ದರು. ಮನೆಗೆ ಬಂದು ಚಹಾ ಛಲೋ ಆಗ್ಯದ ಎನ್ನುತ್ತಿದ್ದರು.

ಕಾಲು ತೆಗೆಯುವುದು ಮರೆತಿತ್ತು. ಗುಲಾಬಸಾಬರು ಕೈ ಒರೆಸಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದರು.

ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. "ಏನಾಗಿತ್ತಂತ?"

ಗುಲಾಬಸಾಬರು ನನ್ನ ಮುಖ ನೋಡಿದರು.

"ಸ್ಪ್ರಿಂಗ್ ಹೋಗಿತ್ತ್ರಿ ಅತ್ತಿ," ಎಂದೆ. "ಇಟಲಿ ಮಾಲು."

"ಹಂಗಂತೀನಿ. ಅಂವಗ ಅದೆಲ್ಲ ಎಲ್ಲಿ ಗೊತ್ತಾಗಬೇಕು," ಎಂದು ಅತ್ತೆ ಒಳಗೆ ಹೋದರು. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

ಗುಲಾಬಸಾಬರು ಚೀಲ ಹೆಗಲಿಗೆ ಹಾಕಿಕೊಂಡರು. ಪಾನಾ ಕಟ್ಟೆಯ ಮೇಲೆಯೇ ಇತ್ತು.

"ಇರ್ಲಿರಿ ಅಕ್ಕಾರ. ಅವರ ಕೈಯಾಗ ಇದ್ದದ್ದು."

"ಬ್ಯಾಡ್ರಿ. ಎರವು ತಂದದ್ದು."

ಸೆರಗಿನಿಂದ ಅದನ್ನು ಒರೆಸಿ, ಅವರ ಚೀಲದಲ್ಲಿ ಉಳಿದ ಪಾನಾಗಳ ಜೊತೆಗೆ ಇಟ್ಟೆ.