ಇಳಿಜಾರಿನಲ್ಲಿ ನಿಂತ ಬಾಗಿಲು

ತಮಿಳುನಾಡಿನ ಪಲ್ಲಡದ ಹೊರಗಿದ್ದ ಆ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯ ಒಂದು ಕಾಲಕ್ಕೆ ಹತ್ತಿಯ ಗೋದಾಮಾಗಿತ್ತು. ಕಾಲೇಜಿನವರು ಅದನ್ನು ಕೊಂಡ ಮೇಲೆ ಒಳಗೆ ಅಡ್ಡಗೋಡೆ ಎಬ್ಬಿಸಿ, ಒಂದು ಮೂಲೆಯನ್ನು ಬೆಳಕಿನ ಪ್ರಯೋಗಗಳಿಗೆಂದು ಕತ್ತಲೆಕೋಣೆ ಮಾಡಿದ್ದರು. ಅದಕ್ಕೆ ಕಿಟಕಿಯಿರಲಿಲ್ಲ. ಇದ್ದದ್ದು ಒಂದೇ ಬಾಗಿಲು, ಹಳೆಯ ತೇಗದ್ದು, ದೊಡ್ಡ ಲ್ಯಾಬಿನ ಕಡೆಗೆ ತೆರೆದುಕೊಳ್ಳುವಂಥದ್ದು.

ಆ ಬಾಗಿಲು ಮುಚ್ಚಿದರೆ ನಿಲ್ಲುತ್ತಿರಲಿಲ್ಲ. ಕೈಬಿಟ್ಟರೆ ಸದ್ದಿಲ್ಲದೆ ತೆರೆದುಕೊಂಡು, ಅರ್ಧಕ್ಕಿಂತ ಸ್ವಲ್ಪ ಕಡಿಮೆಯಲ್ಲಿ ಒಂದೆರಡು ಸಲ ಹಿಂದೆಮುಂದೆ ತೂಗಿ ನಿಲ್ಲುತ್ತಿತ್ತು. ಪೂರ್ತಿ ತೆರೆದಿಟ್ಟರೆ ತಾನಾಗಿ ಹಿಂದಕ್ಕೆ ಬಂದು ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಚಿಲಕ ಕೂರುತ್ತಿರಲಿಲ್ಲ. ಹುಡುಗರು ಒಳಗೆ ರೀಡಿಂಗ್ ತೆಗೆಯುವಾಗ ಲ್ಯಾಬ್ ಅಟೆಂಡರ್ ಲಿಂಗಸಾಮಿ ಕೆಮ್ಮುತ್ತ, ಬೀಡಿ ನಾರುತ್ತ, ಹೊರಗಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಹಿಂದಿನ ವರ್ಷ ಚಿತ್ತಿರೈ ತಿಂಗಳ ಬೇಸಿಗೆಯಲ್ಲಿ ಆತ ಆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಲ್ಲೇ ತೀರಿಕೊಂಡಿದ್ದ. ಅವನ ಕೆಲಸ ಅವನ ಹೆಂಡತಿ ಜಾನಮ್ಮನಿಗೆ ಸಿಕ್ಕಿತು.

ಅಂದಿನಿಂದ ಬಾಗಿಲಿನ ಮಾತು ಹುಡುಗರ ನಡುವೆ ಬೆಳೆಯಿತು. ಒಬ್ಬೊಬ್ಬರೇ ಕತ್ತಲೆಕೋಣೆಗೆ ಹೋಗುವುದು ನಿಂತಿತು.

ಶುಭಾ ಅಲ್ಲಿಯ ಉಪನ್ಯಾಸಕಿ, ದಿನಾ ಕೊಯಮತ್ತೂರಿನಿಂದ ಬಸ್ಸಿನಲ್ಲಿ ಬರುವವಳು. ಮೂರು ತಲೆಮಾರಿನಿಂದ ಅಲ್ಲೇ ನೆಲೆಸಿದ್ದ ಕನ್ನಡದ ಮನೆ ಅವಳದು. ಉಡುಮಲೈ ಕಡೆಯ ಕನ್ನಡದ ಒಕ್ಕಲು ಮನೆಯವಳಾದ ಜಾನಮ್ಮನ ಜೊತೆ ಮಾತ್ರ ಅವಳಿಗೆ ಕಾಲೇಜಿನಲ್ಲಿ ಮನೆಮಾತು ಆಡಲು ಸಿಗುತ್ತಿತ್ತು. ಒಂದು ದಿನ ಕೇಳಿಯೇ ಬಿಟ್ಟಳು.

"ಜಾನಮ್ಮ, ನಿಮಗೆ ಭಯ ಆಗಲ್ವಾ ಆ ಬಾಗಿಲು ನೋಡಿ?"

"ಭಯ ಏನಕ್ಕೆ ಅಮ್ಮಣಿ. ಅವ್ರು ತಾನೆ ತೆಗೀತಾರೆ. ಬೆಳಗ್ಗೆ ಕೂಟಕ್ಕೆ ಬಂದಾಗ ನಾನೇ ಮುಚ್ಚಿ ನಿಂತ್ಕೋತೀನಿ. ತೆಗೀತಾರೆ. ಮನೆಲೂ ಅಂಗೇ, ಕದ ಮುಚ್ಚಿದ್ರೆ ಅವ್ರಿಗೆ ಆಗ್ತಿರಲಿಲ್ಲ."

ಜಾನಮ್ಮನ ಬಾಯಲ್ಲಿ ಕೂಟುವುದೆಂದರೆ ಗುಡಿಸುವುದು. ಅವಳು ಇದನ್ನು ಹಾಲು ಉಕ್ಕಿತು ಎನ್ನುವಷ್ಟು ಸಹಜವಾಗಿ ಹೇಳಿದಳು.

ಹುಡುಗರ ಹೆದರಿಕೆ ಬಿಡಿಸಬೇಕೆಂದು ಶುಭಾ ಬಾಗಿಲನ್ನೇ ಒಂದು ಪ್ರಯೋಗ ಮಾಡಿದಳು. ಬಡಗಿಯನ್ನು ಕರೆಸಿ ಬಾಗಿಲು ಕಳಚಿ ತೂಗಿಸಿದಳು, ಕೀಲುಗಳಿಗೆ ಚೆನ್ನಾಗಿ ಎಣ್ಣೆ ಬಿಡಿಸಿ ಮತ್ತೆ ಹಾಕಿಸಿದಳು. ಬಾಗಿಲಿನ ನಡುಮಧ್ಯೆ, ಭಾರವೆಲ್ಲ ಕೂಡುವ ಜಾಗದಲ್ಲಿ, ಒಂದು ಪೆನ್ಸಿಲ್ ಗುರುತು ಹಾಕಿದಳು. ಲಂಬ ಅಳತೆಪಟ್ಟಿಯ ಮೇಲೆ ಏರಿಳಿಯುವ ದೂರದರ್ಶಕವನ್ನು ಎದುರಿಗೆ ನಿಲ್ಲಿಸಿ, ಬಾಗಿಲು ಸ್ವಲ್ಪಸ್ವಲ್ಪ ತೆರೆದ ಹಾಗೆ ಆ ಗುರುತಿನ ಎತ್ತರ ಓದಿಸಿದಳು. ಓದಿದವಳು ಧರಣಿ, ಎರಡನೇ ವರ್ಷದ ಹುಡುಗಿ, ಮಾತು ಕಡಿಮೆ.

"ಮೇಡಂ, ಇದು ಇಳಿದು ಏರ್ತಾ ಇದೆ," ಎಂದಳು ತಮಿಳಿನಲ್ಲಿ. "ಒಂದೆರಡು ಮಿಲಿಮೀಟರ್ ಅಷ್ಟೇ. ಆದರೆ ಬಾಗಿಲು ನಿಲ್ಲುವ ಜಾಗದಲ್ಲೇ ತೀರಾ ಕೆಳಗಿದೆ."

"ಬಾಗಿಲಿನ ತೂಕವನ್ನು ಆ ಎತ್ತರದಿಂದ ಗುಣಿಸು. ಅದು ಅದರ ಪ್ರಚ್ಛನ್ನ ಶಕ್ತಿ. ಹಿಡಿಕೆ ಎಷ್ಟು ದೂರ ಸಾಗಿತೋ ಅದರ ಎದುರು ಗೆರೆ ಎಳಿ."

ಗ್ರಾಫಿನ ಹಾಳೆಯ ಮೇಲೆ ಒಂದು ಅಗಲವಾದ ಕಣಿವೆ ಮೂಡಿತು. ಹುಡುಗರು ಸುತ್ತ ಸೇರಿದರು. ಶುಭಾ ಆ ಗೆರೆಯ ಮೇಲೆ ಸ್ಕೇಲು ತಾಗಿಸಿ ತೋರಿಸಿದಳು. ಇಲ್ಲಿ ಗೆರೆ ಮುಂದಕ್ಕೆ ಇಳಿಯುತ್ತಿದೆ, ಓಟ, ಅಂದರೆ ಗೆರೆಯ ಇಳಿಜಾರು, ಋಣ. ಬಲ ಅದಕ್ಕೆ ವಿರುದ್ಧ ಚಿಹ್ನೆಯದು, ಹಾಗಾಗಿ ಬಾಗಿಲನ್ನು ಮುಂದಕ್ಕೆ ತಳ್ಳುತ್ತದೆ. ಕಣಿವೆಯ ಆಚೆ ಗೆರೆ ಏರುತ್ತಿದೆ, ಅಲ್ಲಿ ಬಲ ಹಿಂದಕ್ಕೆ. ತಳದಲ್ಲಿ ಓಟ ಸೊನ್ನೆ, ಬಲವೂ ಸೊನ್ನೆ. ಆ ಕಡೆ ಈ ಕಡೆ ಸರಿದರೂ ಬಲ ಮತ್ತೆ ತಳಕ್ಕೇ ತರುತ್ತದೆ. ಅದೇ ಸ್ಥಿರ ಸಮತೋಲದ ಬಿಂದು.

ಆಮೇಲೆ ಹಿಡಿಕೆಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಬಾಗಿಲಿಗೆ ಲಂಬವಾಗಿ ಹಿಡಿದು ನೋಡಿದರು. ಮುಚ್ಚಿದ ಸ್ಥಾನದಲ್ಲಿ ಬಾಗಿಲು ನೂರೈವತ್ತು ಗ್ರಾಂ ತೂಕದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿತ್ತು. ಗ್ರಾಫಿನ ಓಟವೂ ಅಷ್ಟನ್ನೇ ಹೇಳಿತು.

"ಚೌಕಟ್ಟು ವಾಲಿದೆ, ಅಷ್ಟೇ," ಎಂದಳು ಶುಭಾ. "ಕೀಲಿನ ಗೂಟ ನೆಟ್ಟಗಿದ್ದಿದ್ದರೆ ಎತ್ತರ ಎಲ್ಲೂ ಬದಲಾಗ್ತಿರಲಿಲ್ಲ, ಬಾಗಿಲು ಬಿಟ್ಟಲ್ಲೇ ನಿಲ್ತಿತ್ತು. ವಾಲಿದ ದಿಕ್ಕಿಗೆ ಅದು ಹೋಗಿ ನಿಲ್ಲುತ್ತೆ."

ಹುಡುಗರು ನಕ್ಕರು. ಹಿಂದೆ ಬಕೆಟ್ಟು ಹಿಡಿದು ನಿಂತಿದ್ದ ಜಾನಮ್ಮ ನಗಲಿಲ್ಲ. ಶುಭಾ ಅವಳಿಗೂ ಕನ್ನಡದಲ್ಲಿ ಬಿಡಿಸಿ ಹೇಳಿದಾಗ, "ಸರಿ ಅಮ್ಮಣಿ" ಎಂದಷ್ಟೇ ಅಂದು ಹೊರಟುಹೋದಳು. ಮರುದಿನದಿಂದ ಬಾಗಿಲ ಮುಂದೆ ನಿಲ್ಲುವುದನ್ನೂ ಬಿಟ್ಟಳು. ಅವಳಿಂದ ಏನನ್ನೋ ಕಿತ್ತುಕೊಂಡೆ ಎಂದು ಶುಭಾಳಿಗೆ ಎಷ್ಟೋ ದಿನ ಅನ್ನಿಸುತ್ತಿತ್ತು.

ಮಳೆಗಾಲ ಕಳೆದು ವಾರ್ಷಿಕ ಪ್ರಾಯೋಗಿಕ ಪರೀಕ್ಷೆ ಹತ್ತಿರವಾಯಿತು. ಒಂದು ಮಧ್ಯಾಹ್ನ ಧರಣಿ ಸ್ಟಾಫ್ ರೂಮಿಗೆ ಬಂದಳು.

"ಮೇಡಂ, ಬಾಗಿಲು ಈಗ ಬೇರೆ ಜಾಗದಲ್ಲಿ ನಿಲ್ತಾ ಇದೆ."

ಶುಭಾ ಹೋಗಿ ನೋಡಿದಳು. ಮೊದಲಿನ ಜಾಗಕ್ಕಿಂತ ಒಂದು ಗೇಣು ಮುಂದೆ ಹೋಗಿ, ಅರ್ಧವನ್ನೂ ದಾಟಿ, ಬಾಗಿಲು ಅಲ್ಲಾಡದೆ ನಿಂತಿತ್ತು. ಯಾರೋ ಅಲ್ಲಿಯವರೆಗೆ ಬಂದು ಯೋಚಿಸುತ್ತ ನಿಂತ ಹಾಗೆ. ಹೊಸ ಕೋನಮಾಪಕ ತಂದು ಅಳೆದರು. ಮೊದಲು ನಲವತ್ತು ಡಿಗ್ರಿ, ಈಗ ಐವತ್ತೈದು. ಮುಚ್ಚಿದ ಸ್ಥಾನದಲ್ಲಿ ತಕ್ಕಡಿ ಇನ್ನೂರೈವತ್ತು ಗ್ರಾಂ ತೋರಿಸಿತು.

"ಲಿಂಗಸಾಮಿ ಅಣ್ಣನ ಬಲ ಹೆಚ್ಚಾಗಿದೆ," ಎಂದು ಯಾರೋ ಹುಡುಗ ಪಿಸುಗುಟ್ಟಿದ. ಯಾರೂ ನಗಲಿಲ್ಲ.

ಶುಭಾಳಿಗೂ ಭಯವಾಯಿತು, ಆದರೆ ಅದು ದೆವ್ವದ ಭಯವಲ್ಲ. ಕಣಿವೆಯ ತಳ ಸುಮ್ಮನೆ ಸರಿಯುವುದಿಲ್ಲ. ತಳ ಸರಿದಿದೆ, ದಡಗಳು ಕಡಿದಾಗಿವೆ ಎಂದರೆ ಕೀಲಿನ ವಾಲು ಬದಲಾಗಿದೆ. ಲೆಕ್ಕ ಹಾಕಿದಳು. ಗೋಡೆಯ ಉದ್ದಕ್ಕಿದ್ದ ವಾಲು ಮೊದಲಿನಷ್ಟೇ ಇತ್ತು. ಹೊಸ ವಾಲೆಲ್ಲ ದೊಡ್ಡ ಲ್ಯಾಬಿನ ಕಡೆಗೆ. ತೂಗುಗುಂಡು ಕಟ್ಟಿ ಗೋಡೆಯ ತಲೆಯಿಂದ ಇಳಿಬಿಟ್ಟಾಗ, ಬುಡಕ್ಕಿಂತ ತಲೆ ಸುಮಾರು ಐದು ಸೆಂಟಿಮೀಟರ್ ಮುಂದಿತ್ತು. ಒಂದು ಇಟ್ಟಿಗೆಯ ದಪ್ಪವೂ ಸರಿಯಾಗಿಲ್ಲದ ಅಡ್ಡಗೋಡೆ ಅದು.

ವಿಭಾಗದ ಮುಖ್ಯಸ್ಥ ಸರವಣಕುಮಾರ್ ಎಲ್ಲವನ್ನೂ ಕೇಳಿಸಿಕೊಂಡರು.

"ಬಾಗಿಲು ನೋಡಿ ಗೋಡೆ ಬೀಳುತ್ತೆ ಅಂತ ಮ್ಯಾನೇಜ್‌ಮೆಂಟಿಗೆ ಹೇಗಮ್ಮಾ ಹೇಳಲಿ? ಪರೀಕ್ಷೆ ಮುಗಿಯಲಿ."

"ಹಾಗಾದರೆ ಆ ಕಡೆಯ ಮೇಜುಗಳನ್ನಾದರೂ ಸರಿಸೋಕೆ ಬಿಡಿ ಸರ್."

ಅದಕ್ಕೆ ಅವರು ಒಪ್ಪಿದರು. ಶುಭಾ, ಧರಣಿ, ಜಾನಮ್ಮ ಸೇರಿ ಗೋಡೆ ಮುಂದಿನ ಮೇಜುಗಳನ್ನೆಲ್ಲ ಎದುರುಬದಿಗೆ ಎಳೆದು, ನಡುವೆ ಹಗ್ಗ ಕಟ್ಟಿದರು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಊಟದ ಹೊತ್ತು. ಪರೀಕ್ಷೆಗೆ ಬೇಕಾದ ಸೋಡಿಯಂ ದೀಪಗಳು ಕತ್ತಲೆಕೋಣೆಯ ಕಪಾಟಿನಲ್ಲೇ ಉಳಿದಿದ್ದವು. ಬೇಗ ತಂದುಬಿಡೋಣವೆಂದು ಶುಭಾ ಹಗ್ಗದಡಿ ನುಸುಳಿ ಒಳಗೆ ಹೋದಳು. ಬಾಗಿಲು ತನ್ನ ಜಾಗದಲ್ಲಿ ಅರೆತೆರೆದಿತ್ತು. ಅದರಿಂದ ಬೀಳುತ್ತಿದ್ದ ಬೆಳಕಿನಲ್ಲಿ ಮೊಣಕಾಲೂರಿ ಕೆಳಗಿನ ಕಪಾಟು ತಡಕಾಡುತ್ತಿದ್ದಳು.

ಬೆಳಕು ಕಿರಿದಾಗತೊಡಗಿತು.

ತಿರುಗಿ ನೋಡಿದಳು. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ದಡಬಡ ಇಲ್ಲ, ಮಲಗಿದ ಮಗುವಿನ ಕೋಣೆಯ ಬಾಗಿಲನ್ನು ಮುಚ್ಚುವ ಹಾಗೆ. ಕೊನೆಯ ಗೆರೆಯಷ್ಟು ಬೆಳಕೂ ಹೋಯಿತು.

"ಜಾನಮ್ಮ?"

ಕತ್ತಲಲ್ಲಿ ಕೈಚಾಚಿ ನಡೆದು ಹಲಗೆಯನ್ನು ಮುಟ್ಟಿದಳು. ಒಂದು ಬೆರಳಿನಿಂದ ತಳ್ಳಿದಳು. ಬಾಗಿಲು ಹಗುರವಾಗಿ ತೆರೆಯಿತು, ಸಣ್ಣ ಗೆರೆ ಬೆಳಕು ಬಂತು. ಬೆರಳು ತೆಗೆದಳು. ಬಾಗಿಲು ಮೆಲ್ಲಗೆ ಮರಳಿ ಮುಚ್ಚಿಕೊಂಡಿತು.

ಇದು ಆಗಬಾರದು. ಇಲ್ಲಿ ಗೆರೆ ಹೊರಕ್ಕೆ ಇಳಿಯುತ್ತದೆ, ಕಾಲು ಕೆಜಿಯ ತೂಕದಷ್ಟು ಬಲ ಹೊರಕ್ಕೆ ತಳ್ಳುತ್ತದೆ, ಅದನ್ನು ತಾನೇ ತಕ್ಕಡಿಯಲ್ಲಿ ಓದಿದ್ದಾಳೆ. ಚೌಕಟ್ಟು ಕಚ್ಚಿ ಹಿಡಿದಿದ್ದರೆ ಬಾಗಿಲು ಬಿಗಿಯಾಗಿರಬೇಕಿತ್ತು, ಅಲ್ಲಾಡಬಾರದಿತ್ತು. ಮತ್ತೆ ತಳ್ಳಿದಳು, ಈ ಸಲ ಅಂಗೈಯಿಂದ, ಇನ್ನೂ ಸ್ವಲ್ಪ ದೂರ. ಎಷ್ಟು ಹೆಚ್ಚು ತಳ್ಳಿದರೆ ಅಷ್ಟು ಹೆಚ್ಚು ಬಲ ಹಿಂದಕ್ಕೆ ಬಂತು. ತೆರೆದ ಸೀಳಿನಿಂದ ಲ್ಯಾಬು ಕಾಣಿಸಿತು. ಬಿಸಿಲು, ಹಗ್ಗ, ಖಾಲಿ ನೆಲ. ಬಾಗಿಲ ಆಚೆ ಯಾರೂ ಇರಲಿಲ್ಲ. ಕೈ ತೆಗೆದಳು. ಮುಚ್ಚಿತು.

ಇಳಿಜಾರು ಮಾತ್ರ ಇರಬೇಕಾದ ಕಡೆ ಒಂದು ಕಣಿವೆ ಹುಟ್ಟಿತ್ತು. ಅದರ ತಳ ಈ ಮುಚ್ಚಿದ ಬಾಗಿಲೇ.

ಕೂಗಬೇಕು, ಒದ್ದು ಓಡಬೇಕು ಎಂದು ಶುಭಾಳಿಗೆ ಹೊಳೆಯಲಿಲ್ಲ. ಆ ಕತ್ತಲಲ್ಲೂ ಇನ್ನೊಂದು ಸಲ ನೋಡಲೇಬೇಕು ಎನ್ನಿಸಿತು. ಕೈ ಎತ್ತಿದಳು. ಅಷ್ಟರಲ್ಲಿ ಎಲ್ಲೋ ಮರಳು ಜಾರುವ ಸಣ್ಣ ಸದ್ದು ಕೇಳಿತು.

ಎದುರಿನ ಕತ್ತಲೆಯೇ ಅವಳಿಂದ ದೂರ ವಾಲಿತು. ಬಾಗಿಲು, ಚೌಕಟ್ಟು, ಗೋಡೆ ಎಲ್ಲ ಒಟ್ಟಿಗೆ ಲ್ಯಾಬಿನ ಕಡೆಗೆ ಮಗುಚಿ ನೆಲಕ್ಕೆ ಬಿದ್ದವು. ಸದ್ದು ಅಡಗಿ ಧೂಳು ಇಳಿದಾಗ ಅವಳು ಬಿಸಿಲಿನಲ್ಲಿ ನಿಂತಿದ್ದಳು, ಕೈ ಇನ್ನೂ ಮುಂದಕ್ಕೆ ಚಾಚಿಕೊಂಡೇ ಇತ್ತು. ಬಾಗಿಲು ಮುಚ್ಚಿರದಿದ್ದರೆ ಆ ಹೊತ್ತಿಗೆ ಅವಳು ಹೊರಗೆ ನಡೆದು ಬರುತ್ತಿದ್ದ ದಾರಿಯ ಮೇಲೆ ಇಟ್ಟಿಗೆಗಳು ಹಾಸಿಕೊಂಡಿದ್ದವು.

ಯಾರಿಗೂ ಪೆಟ್ಟಾಗಲಿಲ್ಲ. ಗೋಡೆಗೆ ಪಾಯವೇ ಇರಲಿಲ್ಲವೆಂದೂ, ಲ್ಯಾಬಿನ ಕೈತೊಳೆಯುವ ತೊಟ್ಟಿಯ ಪೈಪು ಒಳಗೇ ಒಡೆದು ನೆಲದಡಿಯ ಮಣ್ಣನ್ನು ತಿಂಗಳುಗಟ್ಟಲೆ ಕೊಚ್ಚಿದೆಯೆಂದೂ ಮೇಸ್ತ್ರಿ ತೋರಿಸಿದ. ಪರೀಕ್ಷೆ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನಡೆಯಿತು.

"ಗೋಡೆ ಬೀಳುವಾಗ ಬಾಗಿಲು ಎಷ್ಟು ಡಿಗ್ರಿಯಲ್ಲಿತ್ತು ಮೇಡಂ?" ಎಂದು ಧರಣಿ ಕೇಳಿದಳು.

"ಮುಚ್ಚಿತ್ತು."

ಧರಣಿ ಹುಬ್ಬು ಗಂಟಿಕ್ಕಿದಳು. "ಅಲ್ಲಿ ನಿಲ್ಲೋಕೆ ಆಗಲ್ವಲ್ಲ. ಇನ್ನೊಂದು ಬಲ ಬೇಕಲ್ವಾ?"

"ಬೇಕು," ಎಂದಳು ಶುಭಾ.

ಜಾನಮ್ಮನಿಗೆ ಮಾತ್ರ ಎಲ್ಲ ಹೇಳಬೇಕು ಅನ್ನಿಸಿತು. ಆವತ್ತು ಗ್ರಾಫ್ ತೋರಿಸಿ ಕಿತ್ತುಕೊಂಡದ್ದನ್ನು ಹಿಂದಿರುಗಿಸಿದ ಹಾಗಾದೀತು. ಸಂಜೆ ಎಲ್ಲರೂ ಹೋದ ಮೇಲೆ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದಳು. ಬಾಗಿಲು ಮುಚ್ಚಿದ್ದು, ತಳ್ಳಿದರೆ ಮರಳಿದ್ದು, ಆಚೆ ಯಾರೂ ಕಾಣದಿದ್ದದ್ದು.

ಜಾನಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು.

"ಕೆಮ್ಮು ಕೇಳಿಸ್ತಾ ಅಮ್ಮಣಿ?"

"ಕೆಮ್ಮಾ? ಇಲ್ಲ. ಏನೂ ಸದ್ದಿರಲಿಲ್ಲ."

"ಬೀಡಿ ವಾಸನೆ?"

"ಇಲ್ಲ ಜಾನಮ್ಮ."

ಜಾನಮ್ಮ ಲ್ಯಾಬಿನ ಕಡೆಗೆ ತಿರುಗಿ, ಬಿದ್ದ ಗೋಡೆಯ ಜಾಗದಲ್ಲಿ ಈಗ ಬರಿದಾಗಿ ಕಾಣುತ್ತಿದ್ದ ಆ ಮೂಲೆಯನ್ನು ನೋಡಿದಳು. ಮುಖದಲ್ಲಿ ದುಃಖವಿರಲಿಲ್ಲ. ಮೊದಲ ಸಲ ಅಲ್ಲಿ ಭಯವಿತ್ತು.

"ಅಂಗಾರೆ ಅವ್ರಲ್ಲ ಅಮ್ಮಣಿ," ಎಂದಳು. ಆಮೇಲೆ ಎದ್ದು ಶುಭಾಳ ಕೈಹಿಡಿದಳು. "ಬನ್ನಿ, ಬಸ್ಸಿಗೆ ಹೊತ್ತಾಯ್ತು. ನಾನೂ ಬರ್ತೀನಿ."