ಇನ್ಸುಲಿನ್‌ಗೊಂದು ಸೀಟು

"ಮನೆಯ ಸಮಸ್ತ ಸದಸ್ಯರ ಗಮನಕ್ಕೆ. ಇಂದು ಬೆಳಗ್ಗೆ ಕರೆಂಟ್ ಹೋದ ಕ್ಷಣದಿಂದ ಮರಳಿ ಬರುವ ಕ್ಷಣದವರೆಗೆ ಈ ಮನೆಯ ಫ್ರಿಜ್ಜಿನ ಬಾಗಿಲನ್ನು ಯಾರೂ, ಯಾವ ಕಾರಣಕ್ಕೂ, ಯಾವ ವಯಸ್ಸಿನವರೂ ತೆರೆಯತಕ್ಕದ್ದಲ್ಲ. ಉಲ್ಲಂಘಿಸಿದವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು."

ಇಷ್ಟು ಓದಿ ಡ್ರಿಲ್ ಮೇಷ್ಟ್ರು ಕೊರಳಲ್ಲಿದ್ದ ಸೀಟಿಯನ್ನು ಒಮ್ಮೆ ಊದಿದರು. ಶಾಲೆಯಿಂದ ನಿವೃತ್ತರಾದರೂ ಸೀಟಿ ಮಾತ್ರ ನಿವೃತ್ತಿಗೆ ಒಪ್ಪಿರಲಿಲ್ಲ. ಸಮಸ್ತ ಸದಸ್ಯರು ಅಂದರೆ ಇಬ್ಬರು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ, ರಜೆಗೆ ಮನೆಗೆ ಬಂದಿದ್ದ ಮಗಳು.

"ಅಪ್ಪ, ನೀನು ಕೂಡ ಸದಸ್ಯನೇ ತಾನೆ?" ಅಂದಳು ಮಗಳು.

"ನಾನು ಮೇಲ್ವಿಚಾರಕ."

ಹೆಂಡತಿ ದಾರವನ್ನು ಹಲ್ಲಲ್ಲಿ ಕಚ್ಚಿ ಕತ್ತರಿಸಿದಳು. ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ಅವಳ ಬಟ್ಟೆಗೆ ಎಷ್ಟು ಅಳತೆಯೋ ಸಕ್ಕರೆಗೂ ಅಷ್ಟೇ ಅಳತೆ. ಊಟಕ್ಕೆ ಮುಂಚೆ ಸೀಸೆಯಿಂದ ಸಿರಿಂಜಿನಲ್ಲಿ ಎಳೆದುಕೊಂಡು ಒಂದು ಇನ್ಸುಲಿನ್ ಚುಚ್ಚು, ರಾತ್ರಿ ಮಲಗುವ ಮುಂಚೆ ಇನ್ಸುಲಿನ್ ಪೆನ್ನಿನಿಂದ ಇನ್ನೊಂದು. ಬಳಸುತ್ತಿದ್ದ ಪೆನ್ನು ಮತ್ತು ಸೀಸೆ ಫ್ರಿಜ್ಜಿನಲ್ಲಿ ಇರುತ್ತಿರಲಿಲ್ಲ. ತೆರೆದ ದಿನದ ತಾರೀಖು ಬರೆದ ಟೇಪಿನ ತುಂಡು ಅಂಟಿಸಿ, ಮುಚ್ಚಳದ ಡಬ್ಬಿಯೊಳಗಿಟ್ಟು, ಆ ಡಬ್ಬಿಯನ್ನು ಪುಟ್ಟ ಮಣ್ಣಿನ ಮಡಕೆಯೊಳಗಿಟ್ಟು, ಮಡಕೆಯನ್ನು ನೀರಿನ ತಟ್ಟೆಯಲ್ಲಿ ಕೂರಿಸಿ ಸುತ್ತ ಒದ್ದೆ ಬಟ್ಟೆ ಹೊದಿಸಿದ್ದಳು. ಬೇಸಿಗೆಯ ಮಧ್ಯಾಹ್ನ ಕೋಣೆ ಕಾದ ಕಾವಲಿಯಾದರೂ ಮಡಕೆಯೊಳಗೆ ಕೈ ಹಾಕಿದರೆ ತಂಪು. ತೆರೆಯದ ಹೊಸವು ಮಾತ್ರ ಫ್ರಿಜ್ಜಿನ ನಡುವಣ ಅರೆಯಲ್ಲಿ, ಹಿಂಬದಿಯ ಗೋಡೆಗೆ ತಾಗದಂತೆ, ಬೆಣ್ಣೆಯ ಹಳೇ ಡಬ್ಬಿಯಲ್ಲಿ.

ಇದೆಲ್ಲ ಮೇಷ್ಟ್ರಿಗೂ ಗೊತ್ತಿರಬೇಕಿತ್ತು. ಕ್ಲಿನಿಕ್ಕಿನಲ್ಲಿ ನರ್ಸಮ್ಮ ಹೇಳಿದಾಗ ಅವರೂ ಅಲ್ಲೇ ಇದ್ದರು. ಆದರೆ ಅಷ್ಟು ಹೊತ್ತೂ ಕಾಯುತ್ತಿದ್ದ ರೋಗಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುವುದರಲ್ಲಿ ಮಗ್ನರಾಗಿದ್ದರು.

ಈ ಸಲದ ಗಡಿಬಿಡಿಗೆ ಕಾರಣವಿತ್ತು. ಟೈಲರಮ್ಮನ ತಂಗಿ ತನ್ನೂರಿನಲ್ಲಿ ಹೊಲಿಗೆ ಅಂಗಡಿ ತೆರೆಯುತ್ತಿದ್ದಳು. ಮೊದಲ ಆರ್ಡರಿಗೇ ಒಂದು ಶಾಲೆಯ ಅಷ್ಟೂ ಮಕ್ಕಳ ಸಮವಸ್ತ್ರ ಬಿದ್ದಿತ್ತು. "ಅಕ್ಕ, ಬಂದು ಕಟಿಂಗ್ ಮಾಡಿಕೊಡು, ಇಲ್ಲಾಂದ್ರೆ ನಾನು ಮುಳುಗಿದೆ" ಅಂತ ಫೋನ್ ಮಾಡಿದ್ದಳು. ಹತ್ತು ದಿನದ ಕೆಲಸ. ಇನ್ಸುಲಿನ್ ಶುರುವಾದ ಮೇಲೆ ಟೈಲರಮ್ಮ ಒಬ್ಬಳೇ ಎಲ್ಲಿಗೂ ಹೋಗಿರಲಿಲ್ಲ. ಈ ಸಲ ಹೋಗಲೇಬೇಕು ಅಂತ ಅವಳ ಮನಸ್ಸು. ಬಿಸಿಲಲ್ಲಿ ಅಷ್ಟು ದೂರ ಔಷಧಿ ಕೆಟ್ಟುಹೋದರೆ ಏನು ಗತಿ ಅಂತ ಮೇಷ್ಟ್ರ ಮನಸ್ಸು. ಎರಡು ಮನಸ್ಸುಗಳ ನಡುವೆ ವಾರದಿಂದ ಹಗ್ಗಜಗ್ಗಾಟ ನಡೆದಿತ್ತು.

"ಮೊದಲು ಮನೆಯಲ್ಲಿ ಕರೆಂಟ್ ಇಲ್ದೆ ಔಷಧಿ ಕಾಪಾಡಿ ತೋರಿಸೋಣ. ಪಾಸಾದ್ರೆ ಪ್ರಯಾಣದ ಮಾತು" ಅಂದಿದ್ದರು ಮೇಷ್ಟ್ರು. ಲೈನ್ ರಿಪೇರಿಗಾಗಿ ಆ ದಿನ ಸಂಜೆವರೆಗೆ ಕರೆಂಟ್ ಇರುವುದಿಲ್ಲವೆಂದು ಕರೆಂಟ್ ಆಫೀಸಿನವರು ಬೀದಿಗೆಲ್ಲ ಮೊದಲೇ ತಿಳಿಸಿದ್ದರು. ಅದೇ ಪರೀಕ್ಷೆಯ ದಿನ.

ಕರೆಂಟ್ ಹೋಯಿತು. ಸೀಟಿ ಕೂಗಿತು. ಬಾಗಿಲು ಮುಚ್ಚಿದ ಫ್ರಿಜ್ಜು ತನ್ನಷ್ಟಕ್ಕೆ ತಂಪಾಗಿ ಕೂತಿತ್ತು. ಅದನ್ನು ಹಾಗೇ ಕೂರಲು ಬಿಟ್ಟಿದ್ದರೆ ಈ ಕತೆಯೂ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೇಷ್ಟ್ರು ಹೊಸದೊಂದು ಥರ್ಮಾಮೀಟರ್ ತಂದು ಒಳಗೆ ನೇತು ಹಾಕಿದ್ದರು. ಅಂಕಿ ನೋಡಬೇಕಾದರೆ ಬಾಗಿಲು ತೆರೆಯಬೇಕು.

"ಐದು" ಎಂದು ಘೋಷಿಸಿ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಮತ್ತೆ ತೆರೆದರು. "ಆರು. ಅನುಮಾನ ಬಂತು." ಮತ್ತೆ. "ಎಂಟು."

"ಅಪ್ಪ, ಪ್ರತಿ ಸಲ ತೆಗೆದಾಗ್ಲೂ ನಮ್ಮ ಮನೆ ಬಿಸಿಗಾಳಿಗೆ ಒಳಗೆ ಸ್ವಾಗತ ಹೇಳ್ತಿದ್ದೀಯ."

"ನೋಡ್ದೇ ಇದ್ರೆ ಬಿಸಿ ಆಗ್ತಿದೆ ಅಂತ ಹೇಗೆ ಗೊತ್ತಾಗತ್ತೆ?"

"ನೋಡಿದ್ದಕ್ಕೇ ಬಿಸಿ ಆಗ್ತಿದೆ."

ಹನ್ನೆರಡು ಬಂದಾಗ ಮೇಷ್ಟ್ರು ಹೆಂಡತಿಯನ್ನು ಕೂಗಿದರು. ಅವಳು ಪಕ್ಕದ ಮನೆಗೆ ಕುಪ್ಪಸ ಕೊಡಲು ಹೋಗಿದ್ದಳು, ಮಗಳು ಸ್ನಾನಕ್ಕೆ. ಅವಳಿದ್ದಿದ್ದರೆ, ಹೊಸವು ಕೆಲವು ಗಂಟೆ ತುಸು ಬೆಚ್ಚಗಾದರೆ ಪ್ರಳಯವಾಗದು, ಹೊರಗಿಟ್ಟರೂ ತೀರಾ ಬಿಸಿಯಿಲ್ಲದ ಕಡೆ ತಿಂಗಳ ಹತ್ತಿರ ನಡೆಯುತ್ತವೆ ಎನ್ನುತ್ತಿದ್ದಳು. ಅವಳಿರಲಿಲ್ಲ. ಮೇಲಿನ ಫ್ರೀಜರ್ ಮಾತ್ರ ಇನ್ನೂ ಹೆಪ್ಪುಗಟ್ಟಿ ಹೊಳೆಯುತ್ತಿತ್ತು. ಮೇಷ್ಟ್ರು ಬೆಣ್ಣೆ ಡಬ್ಬಿಯನ್ನು ಎತ್ತಿ, ಐಸ್ ಟ್ರೇಗಳ ಸಂದಿಗೆ ತುರುಕಿ, ಬಾಗಿಲು ಮುಚ್ಚಿ ನಿಟ್ಟುಸಿರು ಬಿಟ್ಟರು. ಸಂಜೆ ಕರೆಂಟ್ ಬಂದಾಗ ಸಂಭ್ರಮದಲ್ಲಿ ಫ್ಯಾನಿನ ಕೆಳಗೆ ಮಲಗಿದರು. ಡಬ್ಬಿಯ ನೆನಪು ಅವರಿಗಿಂತ ಮೊದಲೇ ಮಲಗಿತ್ತು.

ಮರುದಿನ ಟೈಲರಮ್ಮ ಡಬ್ಬಿ ಹುಡುಕಿ, ಫ್ರೀಜರಿನಲ್ಲಿ ಕಂಡು, ಒಂದು ಸೀಸೆ ಎತ್ತಿ ಬೆಳಕಿಗೆ ಹಿಡಿದಳು. ಒಳಗೆ ನೀರಿನ ಬದಲು ಹರಳು. ಅಲ್ಲಾಡಿಸಿದರೆ ಅಲ್ಲಾಡಲಿಲ್ಲ.

"ರೀ, ಇಲ್ಲಿ ಬನ್ನಿ ಸ್ವಲ್ಪ."

ಮೇಷ್ಟ್ರು ಬಂದರು. ನೋಡಿದರು. "ಕರಗಿಸಿದ್ರೆ ಸರಿ ಹೋಗತ್ತಲ್ವಾ?"

"ಕರಗತ್ತೆ. ನೋಡೋಕೆ ಮೊದಲಿನ ಥರಾನೇ ಕಾಣತ್ತೆ. ಕೆಲಸ ಮಾತ್ರ ಮಾಡಲ್ಲ. ಒಂದ್ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಬಳಸಬಾರದು. ಇದನ್ನ ನಂಬಿ ಹಾಕ್ಕೊಂಡ್ರೆ ಸಕ್ಕರೆ ಗಗನಕ್ಕೆ, ನಾನು ಆಸ್ಪತ್ರೆಗೆ."

"ಪೆನ್ನು?"

"ಅದೂ ಅಷ್ಟೇ. ಪೆನ್ನು ಅಂದ ಮಾತ್ರಕ್ಕೆ ಚಳಿ ಆಗಲ್ವಾ?"

ಮೇಷ್ಟ್ರು ಸೀಟಿಯನ್ನು ಅಂಗಿಯೊಳಗೆ ಸೇರಿಸಿಕೊಂಡರು. ಮಗಳು ನಗು ತಡೆಯಲು ಅಡುಗೆಮನೆಗೆ ಹೋದಳು. ಪಾತ್ರೆಗಳ ಜೊತೆ ನಗು ಕೂಡ ಕೇಳಿಸಿತು.

ಫ್ರೀಜರಿಗೆ ಹೋಗಿದ್ದನ್ನೆಲ್ಲ ಟೈಲರಮ್ಮ ಬೇರೆ ಚೀಲಕ್ಕೆ ಹಾಕಿ, ಮೆಡಿಕಲ್ ಶಾಪಿನವನಿಗೆ ಕೊಟ್ಟು, ಹೊಸದೊಂದು ಪೆನ್ನು, ಒಂದು ಸೀಸೆ ತಂದಳು. ಮಡಕೆಯಲ್ಲಿದ್ದವು ಕ್ಷೇಮ. ಮೊನ್ನೆ ತಾನೇ ತೆರೆದವು, ಹತ್ತು ದಿನಕ್ಕೆ ಧಾರಾಳ. ಹೊಸವು ದಾರಿಯ ಆಪತ್ತಿಗೆ, ಆಮೇಲೆ ತಂಗಿಯ ಮನೆಯ ಫ್ರಿಜ್ಜಿಗೆ.

"ನಾನು ನಾಳೆ ಹೊರಟೆ" ಅಂದಳು.

"ಪರೀಕ್ಷೆಯಲ್ಲಿ ಫೇಲಾದ್ಮೇಲೂ?"

"ಫೇಲಾಗಿದ್ದು ಮೇಲ್ವಿಚಾರಕರು. ವಿದ್ಯಾರ್ಥಿ ಪಾಸು."

ಮೇಷ್ಟ್ರು ಒಂದು ಷರತ್ತು ಹಾಕಿದರು. ಔಷಧಿ ತಾವು ಸಿದ್ಧಪಡಿಸುವ ವ್ಯವಸ್ಥೆಯಲ್ಲೇ ಹೋಗಬೇಕು. ಒಪ್ಪದಿದ್ದರೆ ತಾವೂ ಜೊತೆಗೆ ಬರುವುದು. ತಂಗಿಯ ಅಂಗಡಿಯಲ್ಲಿ ಗಂಡ ಸಮವಸ್ತ್ರದ ಮಕ್ಕಳನ್ನು ಸಾಲಿಗೆ ನಿಲ್ಲಿಸುವ ದೃಶ್ಯ ಟೈಲರಮ್ಮನ ಕಣ್ಣ ಮುಂದೆ ಬಂತು. "ಆಯ್ತು, ನಿಮ್ಮ ವ್ಯವಸ್ಥೇಲೇ ಹೋಗ್ತೀನಿ" ಅಂದಳು ತಕ್ಷಣ.

ವ್ಯವಸ್ಥೆ ಮಧ್ಯಾಹ್ನ ಆಟೋದಲ್ಲಿ ಬಂತು. ಮೀನಿನ ಅಂಗಡಿಯವರ ಥರ್ಮಾಕೋಲ್ ಪೆಟ್ಟಿಗೆ. ಅದರೊಳಗೆ ಒಂದು ಕರು ಮಲಗಬಹುದಿತ್ತು. ಮೇಷ್ಟ್ರು ಅದನ್ನು ಮೂರು ಸಲ ತೊಳೆದರೂ ಅದಕ್ಕೆ ತನ್ನ ಹಳೇ ಉದ್ಯೋಗ ಮರೆತಿರಲಿಲ್ಲ. ತುಂಬ ಮಂಜುಗಡ್ಡೆ, ನಡುವೆ ಔಷಧಿ, ಹೊರಗೆ ಹಗ್ಗ.

"ಮಂಜುಗಡ್ಡೆಗೆ ತಾಗಿದ್ರೆ ನಿನ್ನೆ ಕತೆಯೇ ಮತ್ತೆ ಆಗೋದು" ಅಂದಳು ಟೈಲರಮ್ಮ.

"ಟವೆಲ್ ಸುತ್ತುತೀನಿ. ಎರಡು ಸುತ್ತು."

"ಇಷ್ಟು ಐಸಿನ ಮಧ್ಯೆ ಟವೆಲ್ಲೂ ನಡುಗತ್ತೆ. ಮತ್ತೆ ಇದನ್ನ ಇಡೋದೆಲ್ಲಿ? ನನ್ನ ತೊಡೆ ಮೇಲಾ?"

ಮೇಷ್ಟ್ರ ಮುಖದಲ್ಲಿ ಕ್ರೀಡಾಕೂಟದ ದಿನದ ಗೆಲುವು ಮೂಡಿತು. "ಅದಕ್ಕೇ ಸೀಟು ಬುಕ್ ಮಾಡ್ತೀನಿ. ನಿನ್ನ ಪಕ್ಕದ್ದೇ. ಇನ್ಸುಲಿನ್‌ಗೊಂದು ಸೀಟು."

ಆ ರಾತ್ರಿ ಊಟಕ್ಕೆ ಮೊದಲು, ಗಂಡ ಫೋನಿನಲ್ಲಿ ಸೀಟು ಬುಕ್ ಮಾಡುತ್ತಿದ್ದಾಗ, ಟೈಲರಮ್ಮ ಸದ್ದಿಲ್ಲದೆ ಉಳಿದ ಹತ್ತಿ ಬಟ್ಟೆಯ ತುಂಡುಗಳಿಂದ ಎರಡು ಪದರದ ಪುಟ್ಟ ಚೀಲ ಹೊಲಿದಳು. ಹೊರಪದರ ಒದ್ದೆಯಾಗಿರಬೇಕು, ಒಳಗೆ ನೀರು ಹೋಗದ ಮುಚ್ಚಳದ ಡಬ್ಬಿ. ಗಾಳಿಯಾಡಿದಷ್ಟೂ ತಂಪು. ಅದಕ್ಕೇ ಕೈಚೀಲದೊಳಗೆ ತುರುಕದೆ ಹೊರಗೆ ನೇತುಹಾಕಲು ಪಟ್ಟಿ. ಷರತ್ತಿನಲ್ಲಿ ಚೀಲದ ಮಾತೇ ಬಂದಿರಲಿಲ್ಲವಾದ್ದರಿಂದ ಗಂಡನಿಗೆ ತೋರಿಸುವ ಅಗತ್ಯವೂ ಬರಲಿಲ್ಲ.

ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಮೇಷ್ಟ್ರೂ ಮಗಳೂ ಪೆಟ್ಟಿಗೆಯನ್ನು ಎರಡು ಕಡೆ ಹಿಡಿದು ತಂದರು. ಪೆನ್ನುಗಳೂ ಸೀಸೆಗಳೂ ಟವೆಲ್ಲಿನೊಳಗೆ ಅದರ ನಡುವೆಯೇ ಇದ್ದವು. ಷರತ್ತು ಅಂದರೆ ಷರತ್ತು. ಒಂದು ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಸ್ಸು ಬಂತು. ಪೆಟ್ಟಿಗೆ ಮೆಟ್ಟಿಲು ಹತ್ತಿತು, ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿತು. ಟೈಲರಮ್ಮ ಅದರ ಪಕ್ಕ.

ಕಂಡಕ್ಟರ್ ಬಂದು ಪಟ್ಟಿ ನೋಡಿದ. ಪೆಟ್ಟಿಗೆ ನೋಡಿದ. ಮತ್ತೆ ಪಟ್ಟಿ ನೋಡಿದ.

"ಈ ಸೀಟಲ್ಲಿ ಶೀತಲ ಅಂತಿದೆ. ಹೆಣ್ಣು, ಹತ್ತು ವರ್ಷ, ಅರ್ಧ ಟಿಕೆಟ್. ಎಲ್ಲಿ ಮಗು?"

ಟೈಲರಮ್ಮ ಗಂಡನ ಮುಖ ನೋಡಿದಳು. ಮಗಳು ಆಕಾಶ ನೋಡಿದಳು. ಮೇಷ್ಟ್ರು ಬಾಗಿಲಲ್ಲಿ ನಿಂತು ಕೆಮ್ಮಿದರು.

"ಬುಕ್ ಮಾಡೋವಾಗ ಹೆಸರು, ವಯಸ್ಸು ಎಲ್ಲಾ ಕೇಳ್ತು. ಪೆಟ್ಟಿಗೆ ಅಂತ ಹಾಕಿದ್ರೆ ತಗೊಳ್ಳಲಿಲ್ಲ. ತಣ್ಣಗಿರೋದಕ್ಕೆ ಶೀತಲ ಅಂತ ಹಾಕ್ದೆ. ಎತ್ತರ ನೋಡಿದ್ರೆ ಹತ್ತು ವರ್ಷ ಇರಬಹುದು ಅನ್ನಿಸ್ತು."

"ಸಾರ್, ಮಗು ಸೀಟಲ್ಲಿ ಮಗು ಕೂರಬೇಕು. ಇದು ಲಗೇಜು. ಅದೂ ನೀರು ಸೋರ್ತಿದೆ. ಕೆಳಗಡೆ ಡಿಕ್ಕಿಗೆ ಹಾಕಿ."

"ಡಿಕ್ಕೀಲಿ ಇಂಜಿನ್ ಬಿಸಿ ಹೊಡೆಯತ್ತೆ. ಒಲೆ ಥರ ಇರತ್ತೆ. ಒಳಗೆ ಇನ್ಸುಲಿನ್ ಇದೆ ಕಣಪ್ಪ."

"ಹಾಗಾದ್ರೆ ಔಷಧಿ ಅಮ್ಮಾವ್ರ ಕೈಲಿರಲಿ. ಡಿಕ್ಕಿಗೆ ಹೋಗೋದು ಪೆಟ್ಟಿಗೆ ಮಾತ್ರ. ಔಷಧಿ ಒಳಗೆ ತರಬೇಡಿ ಅಂತ ಯಾರೂ ಹೇಳಿಲ್ಲ."

"ಮತ್ತೆ ಪೂರ್ತಿ ಟಿಕೆಟ್ ಮಾಡಿಸಿದ್ರೆ?"

"ಆಗ ಹದಿನೆಂಟು ತುಂಬಿದ ಪೆಟ್ಟಿಗೆ ಆಗತ್ತೆ ಸಾರ್. ಆಗ್ಲೂ ಗುರುತಿನ ಚೀಟಿ ಕೇಳ್ತೀನಿ."

ಬಸ್ಸಿನೊಳಗೆ ಯಾರೋ ನಕ್ಕರು. ಟೈಲರಮ್ಮ ಹಗ್ಗ ಬಿಚ್ಚಿದಳು. ಟವೆಲ್ಲಿನಿಂದ ಪೆನ್ನು, ಸೀಸೆ ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿದು ಅಲ್ಲಾಡಿಸಿದಳು. ಸದ್ಯ, ತಣ್ಣಗಿದ್ದವು, ಹೆಪ್ಪುಗಟ್ಟಿರಲಿಲ್ಲ. ಬಳಸುವ ಪೆನ್ನಿಗೆ ಸೂಜಿ ಸಿಕ್ಕಿಸಿಲ್ಲವೆಂದು ಮತ್ತೊಮ್ಮೆ ನೋಡಿದಳು. ಆಮೇಲೆ ಕೈಚೀಲದಿಂದ ಪುಟ್ಟ ಬಟ್ಟೆ ಚೀಲ ಹೊರಗೆ ಬಂತು. ಬಾಟಲಿಯ ನೀರಿನಲ್ಲಿ ಅದನ್ನು ಒದ್ದೆ ಮಾಡಿ, ಹಿಂಡಿ, ಒಳಗಿನ ಡಬ್ಬಿಗೆ ನಾಲ್ಕನ್ನೂ ಸೇರಿಸಿ, ಬಿಸಿಲು ಬೀಳದ ಕಡೆ, ಗಾಳಿ ಬರುವ ಕಡೆ, ಮುಂದಿನ ಸೀಟಿನ ಕೊಕ್ಕೆಗೆ ನೇತು ಹಾಕಿದಳು.

"ಇದನ್ನ ಯಾವಾಗ ಹೊಲ್ದೆ?" ಅಂದರು ಮೇಷ್ಟ್ರು.

"ನೀವು ಶೀತಲಂಗೆ ವಯಸ್ಸು ಲೆಕ್ಕ ಹಾಕ್ತಿದ್ರಲ್ಲ, ಆಗ. ತಂಗಿ ಮನೆ ಮುಟ್ಟಿದ ತಕ್ಷಣ ಫೋನ್ ಮಾಡ್ತೀನಿ. ಮಡಕೆಗೆ ನೀರು ಹಾಕ್ತಾ ಇರಬೇಡಿ, ಅದರಲ್ಲೀಗ ಏನೂ ಇಲ್ಲ."

ಮೇಷ್ಟ್ರು ಪೆಟ್ಟಿಗೆಯನ್ನು ತಬ್ಬಿ ಕೆಳಗಿಳಿದರು. ಕಂಡಕ್ಟರ್ ಪಟ್ಟಿಯ ಮೇಲೆ ಪೆನ್ನು ಓಡಿಸುತ್ತ ಬಾಗಿಲಿಂದ ತಲೆ ಹೊರಹಾಕಿದ.

"ಸಾರ್, ಶೀತಲ ಹತ್ತಲಿಲ್ಲ ಅಂತ ಬರ್ಕೊಳ್ತೀನಿ. ಬಸ್ ಬಂದ್ಮೇಲೆ ಹತ್ತದಿದ್ರೆ ಟಿಕೆಟ್ ವಾಪಸ್ ಇಲ್ಲ."

"ಹತ್ತಿದ್ದಳು" ಅಂದರು ಮೇಷ್ಟ್ರು. "ನೀನೇ ಇಳಿಸಿದ್ದು."

"ಹತ್ತಿದ್ದು ಲಗೇಜು ಸಾರ್. ಪ್ರಯಾಣಿಕರು ಗೈರುಹಾಜರು."